ವಿಷ ಎಲ್ಲಿ ಕುಳಿತಿದೆ?

ಕಳೆದ ತಿಂಗಳು ಈ ಪುಟಕ್ಕೆ ಬಂದ ಕಾಗದಗಳಲ್ಲಿ ಗೃಹಿಣಿಯೊಬ್ಬರದು ಬಹು ಚಿಕ್ಕದು. “ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ವಯಸ್ಸಾದ ಅತ್ತೆ ಮಾವಂದಿರಿದ್ದಾರೆ, ಹಿತ್ತಿಲಿನ ಗುಲಾಬಿ ಗಿಡಗಳಿಗೆ ಹೊಡೆಯುವ ಔಷಧಿಯೂ ಒಂದು ಮೂಲೆಯಲ್ಲಿದೆ. ಯಾವ ವಿಷ ಒಳಗೆ ಹೋದರೂ ಕೊಡಬಹುದಾದ ಒಂದು ಮದ್ದಿನ ಹೆಸರು ತಿಳಿಸಿದರೆ ತಂದು ಬೀರುವಿನಲ್ಲಿ ಇಡುತ್ತೇನೆ” ಎಂದು ಆಕೆ ಬರೆದಿದ್ದಾರೆ.

ಈ ಆಸೆ ಆಕೆಯೊಬ್ಬರದೇ ಅಲ್ಲ. ಹಿಂದೆ ಪಾಶ್ಚಾತ್ಯ ದೇಶಗಳ ಔಷಧಿ ಅಂಗಡಿಗಳಲ್ಲಿ ‘ಸರ್ವವಿಷಹರ’ವೆಂಬ ಹೆಸರಿನಿಂದಲೇ ಒಂದು ಪುಡಿ ಮಾರಾಟವಾಗುತ್ತಿತ್ತು. ಇದ್ದಿಲು, ಮೆಗ್ನೀಷಿಯಾ, ಟ್ಯಾನಿಕ್ ಆಮ್ಲ, ಈ ಮೂರರ ಮಿಶ್ರಣ ಅದು. ಅಂಗಡಿ ದೂರವಿದ್ದವರು ಇದ್ದಿಲಿಗೆ ಬದಲಾಗಿ ಸುಟ್ಟ ರೊಟ್ಟಿಯನ್ನೂ, ಟ್ಯಾನಿಕ್ ಆಮ್ಲಕ್ಕೆ ಬದಲಾಗಿ ಕಡುವಾದ ಚಹವನ್ನೂ ಸೇರಿಸಿ ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಅದರಿಂದ ಯಾವ ವಿಷವೂ ಹರಿಯಲಿಲ್ಲ. ಪುಡಿಯೂ ಕ್ರಮೇಣ ಕಣ್ಮರೆಯಾಯಿತು. ಅದು ಏಕೆ ಕೈಲಾಗಲಿಲ್ಲವೆಂಬುದನ್ನು ಹೇಳಬೇಕಾದರೆ, ಸುಮಾರು ಹತ್ತು ವರ್ಷಗಳ ಹಿಂದಿನ ಒಂದು ರಾತ್ರಿಯ ಸಂಗತಿಯನ್ನು ನಾನು ಇಲ್ಲಿ ಹೇಳಬೇಕು. ಆಗ ನಾನು ಜಿಲ್ಲಾ ಊರೊಂದರ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೆ. ಒಂದೇ ರಾತ್ರಿ, ಅರ್ಧ ಗಂಟೆಯ ಅಂತರದಲ್ಲಿ, ಇಬ್ಬರು ರೋಗಿಗಳು ಬಂದರು. ಇಬ್ಬರದೂ ವಿಷವೇ, ಇಬ್ಬರದೂ ಆಕಸ್ಮಿಕವೇ.

ಮೊದಲು ಬಂದವರು ಬ್ಯಾಂಕಿನ ಗುಮಾಸ್ತರು, ನಲವತ್ತರ ಪ್ರಾಯದವರು. ತಮ್ಮ ಕಾಲಿನಿಂದಲೇ ನಡೆದು ಬಂದರು, ಕುರ್ಚಿಯಲ್ಲಿ ಕುಳಿತರು, ತಡವಾಗಿ ಬಂದುದಕ್ಕೆ ಕ್ಷಮೆಯನ್ನೂ ಕೇಳಿದರು. ಮೂರು ದಿನಗಳಿಂದ ಹಲ್ಲುನೋವು, ಬೆಳಿಗ್ಗೆಯಿಂದ ಎರಡು ಸಲ ವಾಂತಿ, ಊಟ ಸೇರುತ್ತಿಲ್ಲ, ಇಷ್ಟೇ ಅವರ ದೂರು. ನೋವಿಗೆ ಏನು ತೆಗೆದುಕೊಂಡಿರೆಂದು ಕೇಳಿದ್ದಕ್ಕೆ, “ಏನೋ ಸಾಧಾರಣ ಮಾತ್ರೆ ಸಾರ್, ಜ್ವರಕ್ಕೆ ಎಲ್ಲರೂ ನುಂಗುವುದೇ” ಎಂದರು. ಜಾಣೆಯಾದ ಅವರ ಪತ್ನಿ ಮನೆಯಲ್ಲಿದ್ದ ಖಾಲಿ ಮಾತ್ರೆಪಟ್ಟಿಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಅವನ್ನು ಮೇಜಿನ ಮೇಲೆ ಹರಡಿದಾಗ ನಿಜಸ್ಥಿತಿ ತಿಳಿಯಿತು. ಒಂದು ಪಟ್ಟಿ ಜ್ವರದ್ದು, ಇನ್ನೊಂದು ಮೈಕೈ ನೋವಿನದು, ಮತ್ತೊಂದು ನೆಗಡಿಯದು. ಹೆಸರುಗಳು ಮೂರು, ಬಣ್ಣಗಳು ಮೂರು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿದ್ದ ಮದ್ದು ಮಾತ್ರ ಒಂದೇ: ಪ್ಯಾರಸಿಟಮಾಲ್. ವಯಸ್ಕರಿಗೆ ದಿನಕ್ಕೆ ನಾಲ್ಕು ಗ್ರಾಂ ಮಿತಿಯೆಂದು ಇಟ್ಟಿರುವ ಈ ಮದ್ದನ್ನು ಅವರು ತಮಗೆ ಅರಿವಿಲ್ಲದೆಯೇ ಎರಡು ದಿನ ಎರಡರಷ್ಟಕ್ಕಿಂತ ಹೆಚ್ಚಾಗಿ ಸೇವಿಸಿದ್ದರು.

ಎರಡನೆಯವನು ಬಂದದ್ದು ಆಟೋ ರಿಕ್ಷಾದಲ್ಲಿ, ಅಣ್ಣನ ತೊಡೆಯ ಮೇಲೆ ಮಲಗಿಕೊಂಡು. ಟೊಮೆಟೊ ತೋಟದಲ್ಲಿ ದುಡಿಯುವ ಹುಡುಗ. ಇಪ್ಪತ್ತು ಇಪ್ಪತ್ತೆರಡರ ವಯಸ್ಸು. ಮಧ್ಯಾಹ್ನ ಅಂಗಡಿಯಿಂದ ಕ್ವಿನಾಲ್‌ಫಾಸ್ ಎಂಬ ಕೀಟನಾಶಕದ ಡಬ್ಬವನ್ನು ಬೈಕಿನ ಮೇಲೆ ತೊಡೆಯಲ್ಲಿಟ್ಟುಕೊಂಡು ತಂದಿದ್ದ. ಮುಚ್ಚಳ ಸಡಿಲವಾಗಿ, ನೀರು ಬೆರೆಸದ ಕಡುಮದ್ದು ಅಂಗಿಯನ್ನೂ ಪಂಚೆಯನ್ನೂ ತೋಯಿಸಿತ್ತು. ಬಟ್ಟೆ ಮೈಮೇಲೆಯೇ ಒಣಗಲೆಂದು ಬಿಟ್ಟು ಸಂಜೆಯವರೆಗೆ ಕೆಲಸ ಮಾಡಿದ್ದ. ಈಗ ಮೈಯೆಲ್ಲ ಬೆವರಿನಿಂದ ತೊಯ್ದಿತ್ತು. ಬಾಯಿಂದ ಜೊಲ್ಲು, ಕಣ್ಣಿಂದ ನೀರು ಹರಿಯುತ್ತಿದ್ದುವು. ಕಣ್ಣಿನ ಪಾಪೆ ಗುಂಡುಸೂಜಿಯ ಮೊನೆಯಷ್ಟಾಗಿತ್ತು. ನಾಡಿ ನಿಮಿಷಕ್ಕೆ ನಲವತ್ತೆಂಟು. ಎದೆಗೆ ಸ್ಟೆಥಾಸ್ಕೋಪು ಇಟ್ಟರೆ ಎರಡೂ ಕಡೆ ನೀರಿನಲ್ಲಿ ಗುಳ್ಳೆಯೇಳುವ ಸದ್ದು. ತೊಡೆಯ, ತೋಳಿನ ಸ್ನಾಯುಗಳು ಚರ್ಮದ ಕೆಳಗೆ ಹುಳು ಹರಿದಾಡಿದಂತೆ ಮಿಡುಕುತ್ತಿದ್ದುವು. ಬಟ್ಟೆಯಿಂದ ಬೆಳ್ಳುಳ್ಳಿಯೂ ಸೀಮೆಎಣ್ಣೆಯೂ ಕಲೆತಂಥ ವಾಸನೆ.

ನೋಡಿದ ಯಾರಿಗಾದರೂ ಈ ಹುಡುಗನ ಪ್ರಾಣವೇ ಅಪಾಯದಲ್ಲಿದೆ, ಗುಮಾಸ್ತರು ಮನೆಗೆ ಹೋಗಬಹುದು ಎನ್ನಿಸುತ್ತಿತ್ತು. ಮೊದಲನೆಯ ಮಾತು ಸರಿ, ಎರಡನೆಯದು ತಪ್ಪು.

ಹುಡುಗನ ದೇಹದಲ್ಲಿ ಆಗುತ್ತಿದ್ದುದೇನೆಂಬುದನ್ನು ಮೊದಲು ನೋಡೋಣ. ನಮ್ಮ ನರಗಳು ಗ್ರಂಥಿಗಳಿಗೂ ಸ್ನಾಯುಗಳಿಗೂ ಅಪ್ಪಣೆ ಕೊಡುವುದು ಅಸೆಟೈಲ್ ಕೋಲಿನ್ ಎಂಬ ದ್ರವ್ಯದ ಮೂಲಕ. ನರದ ತುದಿಯಲ್ಲಿ ಅದು ಒಂದಿಷ್ಟು ಸ್ರವಿಸುತ್ತದೆ. ಎದುರಿನ ಅಂಗ ‘ಕೇಳಿಸಿತು’ ಎಂದು ಕೆಲಸಕ್ಕೆ ತೊಡಗುತ್ತದೆ. ಅಪ್ಪಣೆ ಮುಟ್ಟಿದೊಡನೆಯೇ ಆ ದ್ರವ್ಯವನ್ನು ಕತ್ತರಿಸಿ ಹಾಕುವುದಕ್ಕೆ ಅಲ್ಲಿಯೇ ಒಂದು ಕಿಣ್ವ ಕಾದು ನಿಂತಿರುತ್ತದೆ. ಕರೆಗಂಟೆಯ ಗುಂಡಿಯನ್ನು ಒತ್ತಿದ ಬೆರಳು ಹಿಂದಕ್ಕೆ ಬಂದರೆ ಗಂಟೆ ನಿಲ್ಲುತ್ತದೆಯಲ್ಲವೇ, ಹಾಗೆ. ಆರ್ಗನೋಫಾಸ್ಫೇಟ್ ಎಂಬ ರಂಜಕದ ಕೀಟನಾಶಕಗಳು ಮಾಡುವ ಕೆಲಸ ಇಷ್ಟೇ: ಆ ಕಿಣ್ವದ ಮೇಲೆ ಹೋಗಿ ಅಂಟಿಕೊಂಡು ಕುಳಿತುಬಿಡುತ್ತವೆ. ಕತ್ತರಿಸುವವರಿಲ್ಲದೆ ಅಸೆಟೈಲ್ ಕೋಲಿನ್ ತುಂಬಿ ನಿಲ್ಲುತ್ತದೆ. ಗಂಟೆ ಬಿಡದೆ ಬಾರಿಸುತ್ತದೆ. ಬೆವರಿನ ಗ್ರಂಥಿ ಬೆವರುತ್ತಲೇ ಇರುತ್ತದೆ, ಜೊಲ್ಲಿನದು ಜೊಲ್ಲು ಸುರಿಸುತ್ತಲೇ ಇರುತ್ತದೆ, ಶ್ವಾಸನಾಳದ ಒಳಪದರ ಲೋಳೆಯನ್ನು ಸುರಿಸುತ್ತಲೇ ಇರುತ್ತದೆ. ಹುಡುಗ ಹೊರಗಿನ ನೀರಿನ ತೊಟ್ಟೂ ಇಲ್ಲದೆ, ತನ್ನ ಶ್ವಾಸಕೋಶದ ನೀರಿನಲ್ಲಿಯೇ ಮುಳುಗುತ್ತಿದ್ದ.

ಇಂಥಲ್ಲಿ ಮದ್ದು ಎಲ್ಲಿ ಹಿಡಿಯಬೇಕು? ಬಾರಿಸುವ ಗಂಟೆಯನ್ನು ತತ್‌ಕ್ಷಣ ನಿಲ್ಲಿಸಲಾಗದಿದ್ದರೆ, ಕೇಳುವವನ ಕಿವಿಗೆ ಹತ್ತಿಯನ್ನಾದರೂ ತುರುಕಬೇಕು. ಅಟ್ರೊಪಿನ್ ಮಾಡುವುದು ಇದನ್ನೇ. ಗ್ರಂಥಿಗಳೂ ಶ್ವಾಸನಾಳವೂ ಹೃದಯವೂ ಅಸೆಟೈಲ್ ಕೋಲಿನ್ನಿನ ಕರೆಗೆ ಓಗೊಡುವ ಸ್ಥಾನವನ್ನು ಅದು ತಾನು ಹೋಗಿ ಆಕ್ರಮಿಸಿಕೊಳ್ಳುತ್ತದೆ. ವಿಷವನ್ನು ಅದು ಮುಟ್ಟುವುದೇ ಇಲ್ಲ. ವಿಷವೂ ಕಿಣ್ವವೂ ಇದ್ದಲ್ಲೇ ಇರುತ್ತವೆ. ಇನ್ನೊಂದು ಸ್ವಾರಸ್ಯವೆಂದರೆ ಅಟ್ರೊಪಿನ್ ತಾನೂ ಒಂದು ವಿಷವೇ. ಯೂರೋಪಿನ ಬೆಲ್ಲಡೋನ ಗಿಡದಿಂದ ಮೊದಲು ಪಡೆದದ್ದು ಅದು. ನಮ್ಮ ಹಾಳುಬಯಲಿನಲ್ಲಿ ಬೆಳೆಯುವ ಉಮ್ಮತ್ತಿಯ ಬೀಜದಲ್ಲಿಯೂ ಇದೇ ಕುಲದ ಸಾರವಿದೆ. ಉಮ್ಮತ್ತಿಯ ಬೀಜ ತಿಂದವನ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಪಾಪೆ ಅಗಲವಾಗುತ್ತದೆ, ನಾಡಿ ಓಡುತ್ತದೆ, ಅವನು ಏನೇನೋ ಬಡಬಡಿಸುತ್ತಾನೆ. ಕೀಟನಾಶಕದ ವಿಷದ ಲಕ್ಷಣಗಳನ್ನು ಒಂದೊಂದಾಗಿ ತಿರುಗಿಸಿಟ್ಟರೆ ಬರುವ ಚಿತ್ರ ಇದು. ಒಂದಕ್ಕೆ ಮತ್ತೊಂದು ಸಲ್ಲುವುದು ಅದಕ್ಕಾಗಿಯೇ. ಹಾಗೆಂದು ಯಾರೂ ಉಮ್ಮತ್ತಿಯ ಬೀಜ ಅರೆದು ಕುಡಿಸಲು ಹೋಗಬಾರದು. ಬೀಜದಿಂದ ಬೀಜಕ್ಕೆ ಸಾರದ ಪ್ರಮಾಣ ಬೇರೆ, ಇಲ್ಲಿಯೋ ಅಳತೆಯೇ ಚಿಕಿತ್ಸೆಯ ಜೀವಾಳ.

ಆ ಅಳತೆಯ ಸಂಗತಿಯೂ ವಿಚಿತ್ರವಾದದ್ದು. ಬೇರೆ ಮದ್ದುಗಳಂತೆ ‘ಇಷ್ಟು ತೂಕಕ್ಕೆ ಇಷ್ಟು’ ಎಂದು ಮೊದಲೇ ಹೇಳಲಾಗುವುದಿಲ್ಲ. ಎಷ್ಟು ಕಿವಿಗಳಿಗೆ ಎಷ್ಟು ಹತ್ತಿ ಬೇಕೆಂಬುದು ಒಳಗೆ ಎಷ್ಟು ಗದ್ದಲವಿದೆಯೆಂಬುದರ ಮೇಲೆ ನಿಂತಿದೆ. ನಮ್ಮಲ್ಲಿ ಅಟ್ರೊಪಿನ್ನಿನ ಒಂದು ಚಿಕ್ಕ ಸೀಸೆಯಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವಾಗ ಒಂದು ಸೀಸೆ ಸಾಕು. ಹುಡುಗನಿಗೆ ಮೊದಲ ಸಲವೇ ಮೂರು ಸೀಸೆ ಕೊಟ್ಟೆವು. ಐದು ನಿಮಿಷ ಕಳೆದು ಎದೆಯನ್ನು ಆಲಿಸಿದರೆ ಗುಳ್ಳೆಯ ಸದ್ದು ಹಾಗೆಯೇ ಇತ್ತು, ಆರು ಕೊಟ್ಟೆವು. ಮತ್ತೆ ಐದು ನಿಮಿಷ, ಹನ್ನೆರಡು. ಆಗ ನಾಡಿ ಎಪ್ಪತ್ತಕ್ಕೆ ಏರಿತು, ಸದ್ದು ಕೆಳಭಾಗಕ್ಕೆ ಇಳಿಯಿತು. ಸುಧಾರಣೆ ಕಂಡಮೇಲೆ ಇಮ್ಮಡಿಸುವುದನ್ನು ನಿಲ್ಲಿಸಿ ಅಷ್ಟೇ ಪ್ರಮಾಣವನ್ನು ಮತ್ತೊಮ್ಮೆ ಕೊಟ್ಟೆವು. ಒಟ್ಟು ಮೂವತ್ತಮೂರು ಸೀಸೆ. ಇಪ್ಪತ್ತು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಸುಮಾರು ಇಪ್ಪತ್ತು ಮಿಲಿಗ್ರಾಂ. ಸೀಸೆಯ ಕತ್ತು ಮುರಿದು ಮುರಿದು ದಾದಿಯ ಹೆಬ್ಬೆರಳು ಕೊಯ್ದುಹೋಗಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣ ವೈದ್ಯ ನನ್ನ ಕಿವಿಯಲ್ಲಿ, “ಸಾರ್, ಇದು ಮನುಷ್ಯನಿಗೆ ಕೊಡುವ ಪ್ರಮಾಣವೇ?” ಎಂದ. ಬೇರೆ ಯಾವ ಮನುಷ್ಯನಿಗೂ ಅಲ್ಲ. ಈ ಮನುಷ್ಯನಿಗೆ, ಈ ರಾತ್ರಿ, ಹೌದು.

ನಿಲ್ಲಿಸಬೇಕಾದುದು ಯಾವಾಗ? ಎದೆ ಶುಭ್ರವಾಗಿ ಕೇಳಿಸಬೇಕು, ಕಂಕುಳು ಒಣಗಬೇಕು, ನಾಡಿ ಎಂಬತ್ತಕ್ಕಿಂತ ಮೇಲಿರಬೇಕು, ರಕ್ತದೊತ್ತಡದ ಮೇಲಿನ ಅಂಕಿಯೂ ಎಂಬತ್ತನ್ನು ದಾಟಿರಬೇಕು. ಕಣ್ಣಿನ ಪಾಪೆಯನ್ನೇ ನೆಚ್ಚಿ ಕುಳಿತರೆ ಮೋಸ. ಅದು ಕೆಲವೊಮ್ಮೆ ಬಹಳ ನಿಧಾನವಾಗಿ ಅರಳುತ್ತದೆ. ನಾಡಿ ಜೋರಾಗಿದೆಯೆಂದು ಹೆದರಿ, ಎದೆಯಲ್ಲಿ ಇನ್ನೂ ನೀರು ತುಂಬಿರುವಾಗಲೇ ಕೈ ಬಿಗಿಹಿಡಿಯುವುದು ಸಾಮಾನ್ಯವಾಗಿ ಆಗುವ ತಪ್ಪು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಗುರಿ ಮುಟ್ಟಿದ ಮೇಲೆಯೂ ಸುರಿಯುತ್ತ ಹೋದರೆ ರೋಗಿ ಉಮ್ಮತ್ತಿ ತಿಂದವನಂತೆ ಹಾಸಿಗೆ ಪರಚುತ್ತಾನೆ, ಜ್ವರವೇರುತ್ತದೆ, ಮೂತ್ರ ಕಟ್ಟುತ್ತದೆ, ಕರುಳಿನ ಸದ್ದು ಅಡಗುತ್ತದೆ. ಆದ್ದರಿಂದ ಗುರಿ ಮುಟ್ಟಿದ ಬಳಿಕ, ಕೊಟ್ಟ ಒಟ್ಟು ಮೊತ್ತದ ಹತ್ತರಿಂದ ಇಪ್ಪತ್ತರಷ್ಟು ಪಾಲನ್ನು ಗಂಟೆಗೊಮ್ಮೆಯಂತೆ ಹನಿಹನಿಯಾಗಿ ಕೊಡುತ್ತ, ಪಕ್ಕದಲ್ಲಿ ಯಾರಾದರೂ ಕುಳಿತಿರಬೇಕು. ನಾವು ಗಂಟೆಗೆ ಎರಡು ಮಿಲಿಗ್ರಾಮಿನಿಂದ ಆರಂಭಿಸಿದೆವು.

ಹುಡುಗನ ಎದೆ ತಿಳಿಯಾಯಿತು. ಆದರೆ ತೊಡೆಯ ಮಿಡುಕು ನಿಂತಿರಲಿಲ್ಲ. ನಿಲ್ಲುವುದೂ ಇಲ್ಲ, ಏಕೆಂದರೆ ಸ್ನಾಯುವಿನ ಕಿವಿಯ ರಚನೆಯೇ ಬೇರೆ, ಅಟ್ರೊಪಿನ್ನಿನ ಹತ್ತಿ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಬಿಡದೆ ಬಾರಿಸುವ ಗಂಟೆಗೆ ಸ್ನಾಯು ಮೊದಲು ಮಿಡುಕುತ್ತದೆ, ಆಮೇಲೆ ಸೋತು ಸುಮ್ಮನಾಗುತ್ತದೆ. ಉಸಿರಾಟವೂ ಸ್ನಾಯುವಿನ ಕೆಲಸವೇ ತಾನೆ! ಅಲ್ಲಿಗೆ ಬೇಕಾದದ್ದು ಬೇರೊಂದು ಉಪಾಯ: ಅಂಟಿ ಕುಳಿತ ವಿಷವನ್ನೇ ಕಿಣ್ವದಿಂದ ಎಬ್ಬಿಸುವುದು. 1955ರಲ್ಲಿ ಅಮೆರಿಕದ ಇರ್ವಿನ್ ವಿಲ್ಸನ್ ಎಂಬಾತ ಇದಕ್ಕಾಗಿಯೇ ಯೋಚಿಸಿ ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನು ರೂಪಿಸಿದ. ಕಿಣ್ವದ ಆಕಾರವನ್ನು ಊಹಿಸಿ, ಅದಕ್ಕೆ ಸರಿಹೊಂದುವಂತೆ ಒಂದು ಮದ್ದನ್ನು ಹೆಣೆದದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಅದು ರಂಜಕದ ತುಣುಕನ್ನು ಹಿಡಿದು ಕಿಣ್ವದಿಂದ ಕಿತ್ತು ತರುತ್ತದೆ.

ಆದರೆ ಹಸಿ ಗಾರೆಯಲ್ಲಿ ನೆಟ್ಟ ಮೊಳೆಯನ್ನು ಕೀಳಬಹುದು, ಗಾರೆ ಒಣಗಿದ ಮೇಲೆ ಕೀಳಲಾಗದು. ಕಿಣ್ವದ ಮೇಲೆ ಕುಳಿತ ವಿಷವೂ ಹೊತ್ತು ಕಳೆದಂತೆ ಗಟ್ಟಿಗೊಳ್ಳುತ್ತದೆ. ಕೆಲವು ಜಾತಿಯ ಕೀಟನಾಶಕಗಳಲ್ಲಿ ನಾಲ್ಕು ಗಂಟೆಯೊಳಗೇ ಅರ್ಧಕ್ಕರ್ಧ, ಕ್ವಿನಾಲ್‌ಫಾಸಿನಂಥ ಬೇರೆ ಕೆಲವದರಲ್ಲಿ ಒಂದು ದಿನಕ್ಕೂ ಮೇಲ್ಪಟ್ಟು. ಗಟ್ಟಿಗೊಂಡ ಮೇಲೆ ಪ್ರಾಲಿಡಾಕ್ಸಿಮ್ ಎಷ್ಟು ಕೊಟ್ಟರೂ ವ್ಯರ್ಥ. ದೇಹ ಹೊಸ ಕಿಣ್ವವನ್ನು ತಯಾರಿಸಿಕೊಳ್ಳುವವರೆಗೆ ಕಾಯಬೇಕು. ಕಾಗದದ ಮೇಲೆ ಇಷ್ಟು ಚೆಂದವಾಗಿ ಹೊಂದುವ ಈ ಮದ್ದು ಹಾಸಿಗೆಯ ಪಕ್ಕದಲ್ಲಿ ಅಷ್ಟೇ ಚೆಂದವಾಗಿ ನಡೆದುಕೊಂಡಿಲ್ಲವೆಂಬುದನ್ನೂ ಹೇಳಬೇಕು. 2006ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಬಾರಾಮತಿಯ ಪರೀಕ್ಷೆಯಲ್ಲಿ, ದೊಡ್ಡ ಪ್ರಮಾಣವನ್ನು ಎರಡು ದಿನ ಬಿಡದೆ ಕೊಟ್ಟಾಗ ಗುಣ ಕಂಡಿತು. 2009ರಲ್ಲಿ ಶ್ರೀಲಂಕಾದ ಪರೀಕ್ಷೆ ಪ್ರಕಟವಾದಾಗ ಯಾವ ಲಾಭವೂ ಕಾಣಲಿಲ್ಲ. ಇಂದಿಗೂ ವೈದ್ಯರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಹುಡುಗನ ವಿಷ ನಿಧಾನವಾಗಿ ಗಟ್ಟಿಗೊಳ್ಳುವ ಜಾತಿಯದಾದ್ದರಿಂದ ನಾವು ಕೊಟ್ಟೆವು. ಅದರಿಂದಲೇ ಅವನು ಉಳಿದನೆಂದು ಮಾತ್ರ ನಾನು ಹೇಳಲಾರೆ. ಅವನನ್ನು ಉಳಿಸಿದ್ದು ಅಟ್ರೊಪಿನ್ನು, ಆಮ್ಲಜನಕ, ಮತ್ತು ಆರಂಭದಲ್ಲೇ ಬಟ್ಟೆ ಕಳಚಿಸಿ ತಲೆಯಿಂದ ಕಾಲಿನವರೆಗೆ ಸಾಬೂನು ಹಚ್ಚಿ ತೊಳೆದ ಇಬ್ಬರು ಸಹಾಯಕರು. ಒಂದು ಕಡೆ ಮದ್ದು ಕೊಡುತ್ತ ಇನ್ನೊಂದು ಕಡೆ ವಿಷದ ಅಂಗಿಯನ್ನು ಮೈಮೇಲೆಯೇ ಬಿಟ್ಟರೆ, ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಈಗ ಕುರ್ಚಿಯಲ್ಲಿ ಕುಳಿತಿರುವ ಗುಮಾಸ್ತರ ಬಳಿಗೆ ಬರೋಣ. ಅವರ ಮೈಯಲ್ಲಿ ಬೆವರಿಲ್ಲ, ನಾಡಿ ಸರಿಯಾಗಿದೆ, ಎದೆ ಶುಭ್ರ. ಅವರಿಗೆ ಅಟ್ರೊಪಿನ್ ಕೊಟ್ಟರೆ ಬಾಯಿ ಒಣಗುವುದಲ್ಲದೆ ಇನ್ನೇನೂ ಆಗದು. ಏಕೆಂದರೆ ಅವರ ವಿಷ ಕುಳಿತಿರುವುದು ನರದ ತುದಿಯಲ್ಲಲ್ಲ, ಯಕೃತ್ತಿನಲ್ಲಿ. ಅಷ್ಟೇ ಅಲ್ಲ, ಅವರು ನುಂಗಿದ್ದು ವಿಷವೇ ಅಲ್ಲ. ಪ್ಯಾರಸಿಟಮಾಲ್ ತಾನಾಗಿ ಸಾಧು. ಒಳಹೊಕ್ಕ ಮದ್ದಿನ ಬಹುಭಾಗವನ್ನು ಯಕೃತ್ತು ಎರಡು ಹೆದ್ದಾರಿಗಳ ಮೂಲಕ ನಿರುಪದ್ರವಿಯಾಗಿ ಮಾಡಿ ಮೂತ್ರಕ್ಕೆ ಕಳುಹಿಸುತ್ತದೆ. ನೂರರಲ್ಲಿ ಐದರಿಂದ ಹತ್ತು ಪಾಲು ಮಾತ್ರ ಒಂದು ಓಣಿಯ ಮೂಲಕ ಹೋಗಿ ಅಲ್ಲಿ ಉಗ್ರವಾದ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಆ ಓಣಿಯ ತುದಿಯಲ್ಲಿ ಗ್ಲುಟಾಥಯೋನ್ ಎಂಬ ಕಾವಲುಗಾರ ನಿಂತಿದ್ದು, ಬಂದ ಉಗ್ರವಸ್ತುವಿನ ಕೈಕಾಲು ಕಟ್ಟಿ ಹೊರಗೆ ಸಾಗಿಸುತ್ತಾನೆ. ನೀವೂ ನಾವೂ ಜ್ವರ ಬಂದಾಗ ಒಂದೆರಡು ಮಾತ್ರೆ ನುಂಗಿ ಸುಖವಾಗಿರುವುದು ಈ ಕಾವಲಿನ ದೆಸೆಯಿಂದ.

ಮಿತಿ ಮೀರಿದಾಗ ಹೆದ್ದಾರಿಗಳು ತುಂಬಿ, ಉಳಿದುದೆಲ್ಲ ಓಣಿಗೆ ನುಗ್ಗುತ್ತದೆ. ಕಾವಲುಗಾರರು ಒಬ್ಬೊಬ್ಬರಾಗಿ ಖರ್ಚಾಗುತ್ತ ಬರುತ್ತಾರೆ. ಕಾರಣ, ಒಬ್ಬ ಒಂದನ್ನು ಕಟ್ಟಿ ತಾನೂ ಅದರೊಡನೆ ಹೊರಟುಹೋಗಬೇಕು. ಸಂಗ್ರಹ ಸಾಮಾನ್ಯದ ಮೂರನೆಯ ಒಂದು ಪಾಲಿಗಿಂತ ಕೆಳಗಿಳಿದಾಗ ಉಗ್ರವಸ್ತು ಯಕೃತ್ತಿನ ಜೀವಕೋಶಗಳಿಗೇ ಅಂಟಿ ಅವನ್ನು ಕೊಲ್ಲತೊಡಗುತ್ತದೆ. ಗುಮಾಸ್ತರ ವಿಷಯದಲ್ಲಿ ಇನ್ನೊಂದು ಕೆಡುಕಿತ್ತು. ಹಲ್ಲುನೋವಿನಿಂದಾಗಿ ಮೂರು ದಿನ ಅವರು ಗಂಜಿಯ ನೀರು ಬಿಟ್ಟು ಬೇರೆ ಏನನ್ನೂ ಉಂಡಿರಲಿಲ್ಲ. ಕಾವಲುಗಾರರನ್ನು ದೇಹ ಸಿದ್ಧಪಡಿಸುವುದು ಆಹಾರದ ಸಸಾರಜನಕದಿಂದ. ಉಪವಾಸವಿದ್ದವನ ಯಕೃತ್ತಿನಲ್ಲಿ ಅವರ ಸಂಖ್ಯೆ ಮೊದಲೇ ಕಡಿಮೆ.

ಈ ವಿಷದ ಕುಟಿಲತೆಯೆಂದರೆ ಅದರ ಮೌನ. ಮೊದಲ ದಿನ ಸ್ವಲ್ಪ ವಾಕರಿಕೆ. ಕೆಲವರಿಗೆ ಅದೂ ಇಲ್ಲ. ಎರಡನೆಯ ದಿನ ವಾಂತಿ ನಿಂತು ರೋಗಿಗೆ ಹಾಯೆನಿಸಲೂ ಬಹುದು; ಆಗಲೇ ಬಲಪಕ್ಕೆಯ ಕೆಳಗೆ ನೋವು ಆರಂಭವಾಗಿರುತ್ತದೆ. ಮೂರನೆಯ ನಾಲ್ಕನೆಯ ದಿನ ಕಣ್ಣು ಹಳದಿಯಾಗುವುದು, ರಕ್ತ ಹೆಪ್ಪುಗಟ್ಟದಿರುವುದು, ಮಂಪರು ಕವಿಯುವುದು. ಮನೆಯವರು ಗಾಬರಿಯಾಗಿ ಓಡಿಬರುವುದು ಆಗ. 1966ರಲ್ಲಿ ಎಡಿನ್‌ಬರೋ ನಗರದ ವೈದ್ಯರು ಈ ಹಾನಿಯನ್ನು ಮೊದಲು ವರದಿ ಮಾಡಿದಾಗ ಅವರ ಕೈಯಲ್ಲಿ ಮದ್ದಿರಲಿಲ್ಲ. 1973ರಲ್ಲಿ ಅಮೆರಿಕದ ಸಂಶೋಧಕರು ಪ್ರಾಣಿಗಳಲ್ಲಿ ಗ್ಲುಟಾಥಯೋನಿನ ಈ ಕಥೆಯನ್ನೆಲ್ಲ ಬಿಡಿಸಿಟ್ಟರು. ಅದು ತಿಳಿದ ಮರುಗಳಿಗೆಯೇ ಮದ್ದಿನ ದಾರಿಯೂ ತಿಳಿಯಿತು: ಕಾವಲುಗಾರರನ್ನು ಮತ್ತೆ ಒದಗಿಸಬೇಕು. ಗ್ಲುಟಾಥಯೋನನ್ನೇ ನೇರವಾಗಿ ಕೊಟ್ಟರೆ ಯಕೃತ್ತಿನ ಜೀವಕೋಶ ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ತಯಾರಿಸುವ ಕಚ್ಚಾವಸ್ತುವನ್ನು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಅವರ ಸಂಗಡಿಗರು ಮೊದಲು ಬೇರೊಂದು ಗಂಧಕಯುಕ್ತ ವಸ್ತುವನ್ನು ಪ್ರಯೋಗಿಸಿ, ಅದರ ಉಪದ್ರವ ಹೆಚ್ಚಾದ್ದರಿಂದ ಅಸೆಟೈಲ್ ಸಿಸ್ಟೀನಿಗೆ ಬಂದು ನಿಂತರು. ಕಫ ಕರಗಿಸಲೆಂದು ಅದಾಗಲೇ ಬಳಕೆಯಲ್ಲಿದ್ದ ಮದ್ದು ಅದು! ಕೊಳೆತ ಮೊಟ್ಟೆಯ ವಾಸನೆ, ಕುಡಿದವರು ಮರೆಯುವುದಿಲ್ಲ.

ಒಂದೇ ಸಲ ಹೆಚ್ಚು ನುಂಗಿದವರ ವಿಷಯದಲ್ಲಿ ವೈದ್ಯರಿಗೆ ಒಂದು ಅನುಕೂಲವಿದೆ. ನುಂಗಿ ನಾಲ್ಕು ಗಂಟೆಯಾದ ಮೇಲೆ ರಕ್ತದಲ್ಲಿರುವ ಮದ್ದನ್ನು ಅಳೆದು, 1975ರಿಂದ ಬಳಕೆಯಲ್ಲಿರುವ ಒಂದು ನಕ್ಷೆಯ ಮೇಲೆ ಚುಕ್ಕೆಯಿಟ್ಟರೆ, ಗೆರೆಯ ಮೇಲೆ ಬಿದ್ದವರಿಗೆ ಮದ್ದು ಬೇಕು, ಕೆಳಗೆ ಬಿದ್ದವರಿಗೆ ಬೇಡ. ಗುಮಾಸ್ತರಿಗೆ ಈ ನಕ್ಷೆ ಸಲ್ಲದು. ಎರಡು ದಿನ ಬಿಟ್ಟುಬಿಟ್ಟು ನುಂಗಿದವರ ಗಡಿಯಾರವನ್ನು ಎಲ್ಲಿಂದ ಎಣಿಸುವುದು? ಅಂಥವರ ರಕ್ತದಲ್ಲಿ ಮದ್ದು ಕಡಿಮೆಯೇ ಇದ್ದು, ಯಕೃತ್ತು ಮಾತ್ರ ಹಾಳಾಗಿರಬಹುದು. ಆದ್ದರಿಂದ ನಾವು ಯಕೃತ್ತಿನ ಗಾಯವನ್ನು ತೋರಿಸುವ ಎ.ಎಲ್.ಟಿ. ಪರೀಕ್ಷೆಯನ್ನು ಮಾಡಿಸಿದೆವು. ನಲವತ್ತರ ಆಸುಪಾಸಿನಲ್ಲಿ ಇರಬೇಕಾದ ಅಂಕಿ ಇನ್ನೂರ ಹತ್ತು ಇತ್ತು. ಇನ್ನು ಯೋಚಿಸುವಂತಿರಲಿಲ್ಲ.

ಇಲ್ಲಿ ನೋಡಿ, ಹುಡುಗನ ಚಿಕಿತ್ಸೆಗೂ ಇದಕ್ಕೂ ಇರುವ ಅಂತರ. ಅಲ್ಲಿ ಅಳತೆಯನ್ನು ರೋಗಿಯ ಎದೆ ಹೇಳಿತು. ಇಲ್ಲಿ ತಕ್ಕಡಿ ಹೇಳುತ್ತದೆ. ಎದುರಿಗೆ ಕಾಣುವ ಲಕ್ಷಣವೇ ಇಲ್ಲದಿರುವುದರಿಂದ ನೋಡಿ ಹೆಚ್ಚು ಕಡಿಮೆ ಮಾಡುವ ಮಾತೇ ಇಲ್ಲ. ತೂಕ ಅರವತ್ತು ಕಿಲೋ. ಕಿಲೋಗೆ 150 ಮಿಲಿಗ್ರಾಮಿನಂತೆ ಒಂಬತ್ತು ಗ್ರಾಂ ಮೊದಲ ಒಂದು ಗಂಟೆಯಲ್ಲಿ; ಬಳಿಕ 50ರಂತೆ ಮೂರು ಗ್ರಾಂ ನಾಲ್ಕು ಗಂಟೆಯಲ್ಲಿ; ಕೊನೆಗೆ 100ರಂತೆ ಆರು ಗ್ರಾಂ ಹದಿನಾರು ಗಂಟೆಯಲ್ಲಿ. ಒಟ್ಟು ಹದಿನೆಂಟು ಗ್ರಾಂ, ಇಪ್ಪತ್ತೊಂದು ಗಂಟೆ. ಮೊದಲ ಗಂಟೆ ಮುಗಿಯುವ ಮುನ್ನವೇ ಅವರ ಮುಖ ಕೆಂಪಾಗಿ, ಮೈ ತುರಿಸಿ, ಕತ್ತಿನ ಮೇಲೆ ದದ್ದುಗಳೆದ್ದುವು. ಪತ್ನಿ ಹೆದರಿ, “ಬೇಡ ಡಾಕ್ಟರೇ, ಇವರಿಗೆ ಈ ಮದ್ದು ಒಗ್ಗುವುದಿಲ್ಲ, ನಿಲ್ಲಿಸಿಬಿಡಿ” ಎಂದು ಕೈಮುಗಿದರು. ಮದ್ದು ವೇಗವಾಗಿ ಹರಿದಾಗ ಹಲವರಲ್ಲಿ ಹೀಗಾಗುವುದುಂಟು. ಇದು ಜನ್ಮಕ್ಕಂಟಿದ ಒಗ್ಗದಿಕೆಯಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ, ತುರಿಕೆಗೆ ಮದ್ದು ಕೊಟ್ಟು, ನಿಧಾನವಾಗಿ ಮತ್ತೆ ಆರಂಭಿಸಿದೆವು. ಇಲ್ಲಿ ಹೆದರಿ ಶಾಶ್ವತವಾಗಿ ನಿಲ್ಲಿಸಿಬಿಟ್ಟಿದ್ದರೆ ತುರಿಕೆಯೇನೋ ಹೋಗುತ್ತಿತ್ತು.

ಒಂದೇ ಸಲ ನುಂಗಿದವರಿಗೆ ಎಂಟು ಗಂಟೆಯೊಳಗೆ ಅಸೆಟೈಲ್ ಸಿಸ್ಟೀನ್ ಆರಂಭವಾದರೆ ಯಕೃತ್ತಿಗೆ ತೀವ್ರ ಹಾನಿಯಾಗುವುದು ಬಹು ಅಪರೂಪ. ಎಂಟು ಕಳೆದ ಮೇಲೆ ರಕ್ಷಣೆ ಗಂಟೆಗಂಟೆಗೂ ಕುಗ್ಗುತ್ತದೆ. ಹಾಗೆಂದು ಕೈಚೆಲ್ಲುವಂತಿಲ್ಲ, ಯಕೃತ್ತು ಸೋತವರಲ್ಲಿಯೂ ಅದು ಕೆಲವರನ್ನು ಉಳಿಸುತ್ತದೆಂದು 1991ರಲ್ಲಿ ಲಂಡನ್ನಿನ ಪರೀಕ್ಷೆಯೊಂದು ತೋರಿಸಿತು.

ಬೀರುವಿನಲ್ಲಿ ಇಡಬಹುದಾದ ಮದ್ದಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಂಥದ್ದೊಂದು ಇಲ್ಲ. ಹುಡುಗನಿಗೆ ಅಸೆಟೈಲ್ ಸಿಸ್ಟೀನನ್ನೂ ಗುಮಾಸ್ತರಿಗೆ ಅಟ್ರೊಪಿನ್ನನ್ನೂ ಕೊಟ್ಟಿದ್ದರೆ, ಎರಡೂ ಶುದ್ಧವಾದ ಮದ್ದುಗಳೇ ಆಗಿದ್ದರೂ, ಇಬ್ಬರನ್ನೂ ಕಳೆದುಕೊಂಡಿರುತ್ತಿದ್ದೆವೋ ಏನೋ. ಕೀಟನಾಶಕವೆಂದು ಬಾಯಲ್ಲಿ ಹೇಳಿ ತಂದದ್ದು ಕಳೆನಾಶಕವಾಗಿರುವುದೂ ಉಂಟು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಇಂದಿಗೂ ಪ್ರತಿವಿಷವಿಲ್ಲ. ಹುಡುಗನಿಗೆ ಪ್ರಾಣದಾನ ಮಾಡಿದ ಆಮ್ಲಜನಕವೇ ಅಲ್ಲಿ ಅನಾವಶ್ಯಕವಾಗಿ ಕೊಟ್ಟರೆ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸಬಲ್ಲದು. ಆದ್ದರಿಂದ ಮನೆಯವರು ಆಸ್ಪತ್ರೆಗೆ ತರಬೇಕಾದುದು ಹೆಸರು ಮತ್ತು ಹೊತ್ತು: ಡಬ್ಬವೋ ಸೀಸೆಯೋ ಮಾತ್ರೆಪಟ್ಟಿಯೋ ಇದ್ದಂತೆಯೇ ಚೀಲದಲ್ಲಿ ಹಾಕಿ ತರಲಿ, ಯಾವಾಗ ಒಳಗೆ ಹೋಯಿತೆಂಬುದನ್ನು ಗಡಿಯಾರ ನೋಡಿ ಚೀಟಿಯ ಮೇಲೆ ಬರೆದುಕೊಳ್ಳಲಿ. ಏಕೆ ಹೀಗಾಯಿತೆಂದು ಗದರಿಸುವುದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ. 108ಕ್ಕೆ ಕರೆಮಾಡಿ, ಗಾಡಿ ಬರುವಷ್ಟರಲ್ಲಿ, ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿಸಿ ಸಾಬೂನಿನಿಂದ ತೊಳೆಯಿರಿ, ತೊಳೆಯುವವರ ಕೈಗೆ ರಬ್ಬರಿನ ಕೈಗವಸಿರಲಿ, ಇಲ್ಲವಾದರೆ ದಪ್ಪ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬಿಡಬೇಕು. ಈ ಕೀಟನಾಶಕಗಳನ್ನು ಕರಗಿಸಿರುವುದು ಬಹುಮಟ್ಟಿಗೆ ಸೀಮೆಎಣ್ಣೆಯ ಜಾತಿಯ ದ್ರವದಲ್ಲಿ. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಮೂಲವಿಷದ ಜೊತೆಗೆ ಇನ್ನೊಂದು ಆಪತ್ತು ಸೇರುತ್ತದೆ. ಪ್ಯಾರಸಿಟಮಾಲ್ ಹೆಚ್ಚಾಗಿದೆಯೆಂಬ ಸಂದೇಹವಿದ್ದರೆ ರೋಗಿ ನಗುನಗುತ್ತ ಮಾತಾಡುತ್ತಿದ್ದರೂ ಕರೆತನ್ನಿ.

ಗುಮಾಸ್ತರ ಎ.ಎಲ್.ಟಿ. ಮರುದಿನ ಆರುನೂರಕ್ಕೆ ಏರಿ, ಮೂರನೆಯ ದಿನ ಇಳಿಮುಖವಾಯಿತು. ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಡಲಿಲ್ಲ. ಹುಡುಗನನ್ನು ಮಾತ್ರ ಎದೆ ತಿಳಿಯಾದರೂ ನಾವು ಕಳುಹಿಸಲಿಲ್ಲ. ಇಂಥವರು ಚೇತರಿಸಿಕೊಂಡು ಎದ್ದು ಕುಳಿತ ಮೇಲೆ, ಒಂದರಿಂದ ನಾಲ್ಕು ದಿನಗಳ ನಡುವೆ, ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸದ್ದಿಲ್ಲದೆ ಸೋಲುವುದುಂಟೆಂದು 1987ರಲ್ಲಿ ಶ್ರೀಲಂಕಾದ ವೈದ್ಯರು ಎಚ್ಚರಿಸಿದ್ದರು. ಅದನ್ನು ಕಂಡುಹಿಡಿಯಲು ಯಾವ ಯಂತ್ರವೂ ಬೇಡ. ಪ್ರತಿ ನಾಲ್ಕು ಗಂಟೆಗೊಮ್ಮೆ ದಾದಿ ಬಂದು, “ದಿಂಬಿನಿಂದ ತಲೆ ಎತ್ತಪ್ಪ” ಎನ್ನುವಳು. ಎರಡನೆಯ ದಿನ ಸಂಜೆ ಅವನು ತಲೆಯೆತ್ತಲು ತಡವರಿಸಿದ. ಆ ರಾತ್ರಿಯೇ ಉಸಿರಾಟದ ಯಂತ್ರಕ್ಕೆ ಜೋಡಿಸಿದೆವು; ಈ ಹಂತಕ್ಕೆ ಅಟ್ರೊಪಿನ್ನೂ ಇಲ್ಲ, ಬೇರೆ ಮದ್ದೂ ಇಲ್ಲ, ಸ್ನಾಯು ತಾನಾಗಿ ಚೇತರಿಸುವವರೆಗೆ ಯಂತ್ರ ಉಸಿರಾಡಬೇಕು. ಒಂಬತ್ತು ದಿನ ಉಸಿರಾಡಿತು. ಹತ್ತನೆಯ ದಿನ ದಾದಿ ಎಂದಿನಂತೆ ಕೇಳಿದಾಗ ಅವನು ತಲೆಯನ್ನು ದಿಂಬಿನಿಂದ ಎತ್ತಿ, ಅವಳು ಸಾಕೆನ್ನುವವರೆಗೂ ಹಾಗೆಯೇ ಹಿಡಿದಿದ್ದ.

ಗುಮಾಸ್ತರು ಅಷ್ಟರಲ್ಲಿ ಮನೆಗೆ ಹೋಗಿ, ಆ ಹಲ್ಲನ್ನು ಕೀಳಿಸಿಕೊಂಡಿದ್ದರು.